ಸ್ಪೈಕ್‌ಗೆ 2 ದಿನ, ಹಳೇ ಕೋಡ್‌ಗೆ 3 ದಿನ: ಪ್ರಾಡಕ್ಟ್ ಓನರ್ ಹತ್ತಿರ ಕೇಳೋದು ಹೇಗೆ?

[ಕ್ಯಾಮೆರಾ ಎದುರು]

ನಮಸ್ಕಾರ. ಬೆಳಗಾವಿಯಲ್ಲಿ ಒಂದು ಚಿಕ್ಕ ಟೀಮ್ ಇದೆ ಅಂದುಕೊಳ್ಳಿ. ಸಕ್ಕರೆ ಕಾರ್ಖಾನೆಗೆ ಆ್ಯಪ್ ಮಾಡುತ್ತಿದ್ದಾರೆ. ಈ ಸಲ ಪ್ಲಾನಿಂಗ್‌ಗೆ ಬಂದ ಸ್ಟೋರಿ ಇದು: ಕಬ್ಬಿನ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತ ಕೂಡಲೇ ರೈತರ ಮೊಬೈಲಿಗೆ ತೂಕ ಹೋಗಬೇಕು.

ಎಸ್ಟಿಮೇಟ್ ಕೇಳಿದರೆ ಒಬ್ಬರು 3 ಪಾಯಿಂಟ್ ಅನ್ನುತ್ತಾರೆ, ಇನ್ನೊಬ್ಬರು 13. ಯಾಕೆ? ಕಾಟಾದ ಇಂಡಿಕೇಟರ್ ಸೀರಿಯಲ್ ಪೋರ್ಟ್‌ನಲ್ಲಿ ಏನು ಕಳಿಸುತ್ತದೆ ಅಂತ ಯಾರೂ ನೋಡಿಲ್ಲ. ಎಷ್ಟು ಚರ್ಚೆ ಮಾಡಿದರೂ ಇದಕ್ಕೆ ಉತ್ತರ ಸಿಗಲ್ಲ. ಹೋಗಿ ನೋಡಲೇಬೇಕು. ಸ್ಪೈಕ್ ಇರೋದು ಇದಕ್ಕೇ: ಒಂದು ಪ್ರಶ್ನೆಗೆ ಉತ್ತರ ಹುಡುಕಲು ಮೊದಲೇ ಮಿತಿ ಹಾಕಿಕೊಂಡ ಸಮಯ.

[ಪರದೆ ಮೇಲೆ ಕಾರ್ಡ್]

ಪ್ರಶ್ನೆ: ಗಾಡಿ ಅಲುಗಾಡುವಾಗಿನ ಅಂಕಿ ಬಿಟ್ಟು, ನಿಂತ ತೂಕ ಮಾತ್ರ ಓದಲು ಆಗುತ್ತಾ?
ಯಾರು: ಒಬ್ಬರು
ಸಮಯ: 2 ದಿನ
ಕೊನೆಗೆ: ಹೌದು ಅಥವಾ ಇಲ್ಲ, ಒಂದು ಪುಟದ ಟಿಪ್ಪಣಿ, ಹೊಸ ಎಸ್ಟಿಮೇಟ್

ಪ್ರಾಡಕ್ಟ್ ಓನರ್ ಕೇಳೇ ಕೇಳುತ್ತಾರೆ: "2 ದಿನ ಹೋದ್ರ ಕೈಗೆ ಏನ್ ಸಿಗತೈತ್ರಿ?"

"ಉತ್ತರ ಸಿಗತೈತ್ರಿ ಸರ್. ಆಗಂಗಿಲ್ಲ ಅಂತ ಗೊತ್ತಾದ್ರ, ಕಾಟಾ ಆಪರೇಟರ್ ತೂಕ ಟೈಪ್ ಮಾಡೋ ಹಂಗ ಸ್ಟೋರಿ ಬದಲಿಸೋಣ."

ಸ್ಪೈಕ್ ಈ ಸ್ಪ್ರಿಂಟ್‌ನಲ್ಲಿರಲಿ, ಸ್ಟೋರಿ ಮುಂದಿನದಕ್ಕೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ, ಗೊತ್ತಿಲ್ಲದ ಉತ್ತರ ನಂಬಿ ಮಾತು ಕೊಟ್ಟ ಹಾಗಾಗುತ್ತದೆ. 2 ದಿನದಲ್ಲಿ ಉತ್ತರ ಸಿಗದಿದ್ದರೆ ನಿಲ್ಲಿಸಿ, ಸಿಕ್ಕಿದ್ದಷ್ಟನ್ನು ಹೇಳಿ. ಸುಮ್ನೆ ಮೂರನೇ ದಿನಕ್ಕೆ ಎಳೆಯಬೇಡಿ. ಪರೀಕ್ಷೆಗೆ ಬರೆದ ಕೋಡ್ ಬಿಸಾಕಿ. ಅದನ್ನೇ ಪ್ರೊಡಕ್ಷನ್‌ಗೆ ಹಾಕಿದರೆ ಹೊಸ ಟೆಕ್ನಿಕಲ್ ಡೆಟ್ ಶುರು, ಅಂದರೆ ಮುಂದಿನ ಬದಲಾವಣೆಗಳಿಗೆ ಹೆಚ್ಚು ಸಮಯ ತಿನ್ನುವ ಸಾಲ.

[ಪರದೆ ಮೇಲೆ: ಬಿಲ್, ಎಸ್‌ಎಂಎಸ್, ರಿಪೋರ್ಟ್]

ಹಳೇ ಡೆಟ್ ಈ ಟೀಮಿಗೂ ಇದೆ. ಕಟಾವು ಮತ್ತು ಸಾಗಣೆ ಖರ್ಚು ಕಳೆಯುವ ಲೆಕ್ಕ ಮೂರು ಕಡೆ ಕಾಪಿ ಆಗಿದೆ. ಹೋದ ಹಂಗಾಮಿನಲ್ಲಿ ದರ ಬದಲಾದಾಗ ಎರಡು ಕಡೆ ತಿದ್ದಿದರು, ಎಸ್‌ಎಂಎಸ್ ಉಳಿದುಹೋಯಿತು. ಬಿಲ್‌ನಲ್ಲಿ ಒಂದು ಮೊತ್ತ, ಮೊಬೈಲಿನಲ್ಲಿ ಇನ್ನೊಂದು. ರೈತರು ಆಫೀಸಿಗೆ ಬಂದು ಕೇಳದೆ ಇರುತ್ತಾರಾ? 1 ದಿನದ ಬದಲಾವಣೆಗೆ 4 ದಿನ ಹಿಡಿಯಿತು.

"ಕೋಡ್ ಕ್ಲೀನ್ ಮಾಡಬೇಕು" ಅಂತ ಹೇಳಿದರೆ ಪ್ರಾಡಕ್ಟ್ ಓನರ್‌ಗೆ ತೂಗಿ ನೋಡಲು ಏನೂ ಇರಲ್ಲ. ಬ್ಯಾಕ್‌ಲಾಗ್‌ನಲ್ಲಿ ಯಾವುದು ಮೊದಲು ಅನ್ನೋದು ಅವರ ಜವಾಬ್ದಾರಿ. ಹಾಗಾಗಿ ಅವರಿಗೆ ಲೆಕ್ಕ ಕೊಡಿ: "ಪ್ರತಿ ದರ ಬದಲಾವಣೆಗೆ 3 ದಿನ ಜಾಸ್ತಿ ಹೋಗುತ್ತಿದೆ. ಲೆಕ್ಕವನ್ನು ಒಂದೇ ಕಡೆ ತರಲು 3 ದಿನ ಬೇಕು. ಮೊದಲ ಬದಲಾವಣೆಯಲ್ಲೇ ಆ 3 ದಿನ ವಾಪಸ್ ಸಿಗುತ್ತದೆ. ಕಬ್ಬು ನುರಿಸಲು ಶುರುವಾಗುವ ಮೊದಲೇ ಮಾಡೋಣ."

ಈ 3 ದಿನವನ್ನು ಬೇರೆ ಸ್ಟೋರಿಗಳ ಎಸ್ಟಿಮೇಟ್‌ನಲ್ಲಿ ಬಚ್ಚಿಡುವವರಿದ್ದಾರೆ. ನನಗೆ ಅದು ತಪ್ಪು ಅನ್ನಿಸುತ್ತದೆ. ಕೆಲಸ ನಿಧಾನ ಆಗಿದ್ದು ಮಾತ್ರ ಪ್ರಾಡಕ್ಟ್ ಓನರ್‌ಗೆ ಕಾಣುತ್ತದೆ, ಕಾರಣ ಕಾಣಲ್ಲ. ಇನ್ನೊಂದು ಮಾತು: ಯಾರೂ ಮುಟ್ಟದ ಹಳೇ ರಿಪೋರ್ಟ್‌ನ ಕೋಡ್ ಎಷ್ಟೇ ಕೆಟ್ಟದಾಗಿದ್ದರೂ ಈಗ ಅದಕ್ಕೆ ಸಮಯ ಕೇಳಬೇಡಿ. ಅದು ಯಾರ ದಿನವನ್ನೂ ತಿನ್ನುತ್ತಿಲ್ಲ.

ಲೆಕ್ಕ ಒಂದೇ ಕಡೆ ತಂದ ಮೇಲೆ, ಮುಂದಿನ ದರ ಬದಲಾವಣೆಗೆ ಎಷ್ಟು ದಿನ ಹಿಡಿಯಿತು ಅಂತ ಬರೆದಿಟ್ಟು ಪ್ರಾಡಕ್ಟ್ ಓನರ್‌ಗೆ ತೋರಿಸಿ. 1 ದಿನಕ್ಕೆ ಇಳಿಯದಿದ್ದರೆ, ಅದನ್ನೂ ತೋರಿಸಿ.