‘ಯಾವುದು?’ ಎಂಬ ಪ್ರಶ್ನೆ: ಕನ್ನಡಿಗರ ಇಂಗ್ಲಿಷಿನಲ್ಲಿ ಆರ್ಟಿಕಲ್ ಮತ್ತು ಪ್ರಿಪೊಸಿಷನ್

ಸಭಿಕರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಮಾಡುವವರು ಬರೆದ ಇಂಗ್ಲಿಷ್ ಪತ್ರಗಳನ್ನು ತಿದ್ದಿಕೊಡುವುದು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಕೆಲಸ. ಅಂಥ ಪತ್ರಗಳಲ್ಲಿ ಒಂದನ್ನು ಇಂದು ನಿಮ್ಮ ಮುಂದಿಟ್ಟು, ಅದರ ಸುತ್ತಲೇ ಮಾತನಾಡುತ್ತೇನೆ. ಬರೆದವರು ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಪಡೆದ ಒಬ್ಬ ಹೆಣ್ಣುಮಗಳು. ಪತ್ರದಲ್ಲಿ ಇರುವುದು ಮೂರೇ ವಾಕ್ಯ.

“ಐ ಆ್ಯಮ್ ವರ್ಕಿಂಗ್ ಇನ್ ಅಕೌಂಟ್ಸ್ ಸೆಕ್ಷನ್ ಸಿನ್ಸ್ ಫೋರ್ ಇಯರ್ಸ್. ಲಾಸ್ಟ್ ವೀಕ್ ಐ ಸಬ್ಮಿಟೆಡ್ ಅಪ್ಲಿಕೇಶನ್ ಫಾರ್ ಟ್ರಾನ್ಸ್‌ಫರ್. ಮ್ಯಾನೇಜರ್ ಡಿಸ್ಕಸ್ಡ್ ಅಬೌಟ್ ದಿ ಅಪ್ಲಿಕೇಶನ್ ವಿತ್ ಮಿ ಆನ್ ಮಂಡೇ ಆ್ಯಂಡ್ ಗೇವ್ ಮಿ ಎ ಗುಡ್ ಅಡ್ವೈಸ್.”

ಇದರಲ್ಲಿ ಅರ್ಥವಾಗದ ಮಾತು ಒಂದೂ ಇಲ್ಲ. ಆದರೂ ಕ್ರಿಯಾಪದದ ಕಾಲವನ್ನು ಬದಿಗಿಟ್ಟರೆ ಆರು ಕಡೆ ನನ್ನ ಪೆನ್ಸಿಲ್ ತಾಗಿತು. ಅವುಗಳಲ್ಲಿ ನಾಲ್ಕು ಆರ್ಟಿಕಲ್ಲಿಗೆ ಸೇರಿದವು, ಎರಡು ಪ್ರಿಪೊಸಿಷನ್ನಿಗೆ ಸೇರಿದವು. ನಿಯಮ ಗೊತ್ತಿಲ್ಲದೆ ಆದ ತಪ್ಪುಗಳೂ ಇವಲ್ಲ, ಏಕೆಂದರೆ ಬರೆದವರು ಶಾಲೆಯಲ್ಲಿ ಕಲಿತ ನಿಯಮಗಳನ್ನೆಲ್ಲ ನನಗೆ ಬಾಯಿಪಾಠ ಒಪ್ಪಿಸಿದರು. ಕನ್ನಡದಲ್ಲಿ ಆಲೋಚಿಸುವಾಗ ಆ ನಿಯಮಗಳು ನೆನಪಾಗುವ ಸಂದರ್ಭವೇ ಬರುವುದಿಲ್ಲ ಎಂಬುದು ತೊಂದರೆಯ ಮೂಲ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎನ್ನುವುದು ನಿಜ. ಆದರೆ ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲಿ ನಡೆಯುವುದೇ ಇಲ್ಲ ಎಂದು ತಿಳಿದರೆ ಅದು ತಪ್ಪಾಗುತ್ತದೆ. “ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಹೆಂಡಿರು” ಎಂದು ಅಜ್ಜಿ ಕಥೆ ಆರಂಭಿಸುವಾಗ, ‘ಒಬ್ಬ’ ಎನ್ನುವ ಪದ ಕೇಳುಗನಿಗೆ ಇನ್ನೂ ಗುರುತಿಲ್ಲದ ರಾಜನನ್ನು ತರುತ್ತದೆ, ‘ಆ’ ಎನ್ನುವ ಪದ ಈಗ ಗುರುತಾದ ರಾಜನನ್ನು ತೋರಿಸುತ್ತದೆ. ಇಂಗ್ಲಿಷಿನ ‘ಎ’ ಮತ್ತು ‘ದಿ’ ಮಾಡುವ ಕೆಲಸವೂ ಇಷ್ಟೇ. ವ್ಯತ್ಯಾಸವಿರುವುದು ಕಡ್ಡಾಯದಲ್ಲಿ. ಕಥೆ ಮುಂದುವರಿದು “ರಾಜ ಬೇಟೆಗೆ ಹೋದ” ಎಂದಾಗ ‘ಆ’ ಬಿದ್ದುಹೋದರೂ ಕನ್ನಡಕ್ಕೆ ಕೊರತೆಯಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ‘ದಿ ಕಿಂಗ್’ ಎಂದು ಪ್ರತಿ ಬಾರಿಯೂ ಹೇಳಲೇಬೇಕು.

ಇನ್ನೂ ಸೂಕ್ಷ್ಮವಾದ ಗುರುತೊಂದು ನಮ್ಮ ದ್ವಿತೀಯಾ ವಿಭಕ್ತಿಯಲ್ಲಿದೆ. ಮನೆಯಲ್ಲಿ “ಪೆನ್ನು ತಾ” ಎಂದರೆ ಬರೆಯುವಂಥ ಯಾವ ಪೆನ್ನಾದರೂ ಆದೀತು. “ಪೆನ್ನನ್ನು ತಾ” ಎಂದರೆ ಇಬ್ಬರಿಗೂ ತಿಳಿದಿರುವ ಒಂದು ಪೆನ್ನಿನ ಕಡೆಗೆ ಮನಸ್ಸು ಹೋಗುತ್ತದೆ. ಈ ಪರೀಕ್ಷೆಯನ್ನು ಆಡುಮಾತಿನಲ್ಲಿಯೇ ಮಾಡಬೇಕು, ಏಕೆಂದರೆ ಗ್ರಾಂಥಿಕ ಕನ್ನಡದಲ್ಲಿ ನಾವು ‘ಅನ್ನು’ ಪ್ರತ್ಯಯವನ್ನು ಎಲ್ಲೆಡೆಯೂ ಹಚ್ಚುತ್ತೇವೆ, ಹಾಗಾಗಿ ಅಲ್ಲಿ ಈ ಭೇದ ಅಳಿಸಿಹೋಗಿರುತ್ತದೆ. ಮನುಷ್ಯರ ವಿಷಯದಲ್ಲಿ ಪ್ರತ್ಯಯ ಸಾಮಾನ್ಯವಾಗಿ ಬೇಕೇ ಬೇಕಾಗುವುದರಿಂದ ಅಲ್ಲಿಯೂ ಇದು ನೆರವಿಗೆ ಬರುವುದಿಲ್ಲ.

ಆದ್ದರಿಂದ ಬರೆದು ಮುಗಿಸಿದ ಮೇಲೆ ಪತ್ರವನ್ನು ವಾಕ್ಯವಾಕ್ಯವಾಗಿ ಓದದೆ, ನಾಮಪದಗಳ ಕೆಳಗೆ ಮಾತ್ರ ಗೆರೆ ಎಳೆದು, ಒಂದೊಂದರ ಬಳಿಯೂ ಎರಡು ಪ್ರಶ್ನೆ ಕೇಳಬೇಕೆಂದು ನಾನು ಹೇಳುತ್ತೇನೆ. ಮೊದಲನೆಯದು: ‘ಯಾವುದು?’ ಎಂದರೆ ಓದುವವರಿಗೆ ಉತ್ತರ ಗೊತ್ತಿದೆಯೇ? ಗೊತ್ತಿದ್ದರೆ ‘ದಿ’. ಇಲ್ಲಿ ಲೆಕ್ಕಕ್ಕೆ ಬರುವುದು ಓದುವವರ ತಿಳಿವು. ಬರೆಯುವವರಿಗೆ ತಮ್ಮ ಮನಸ್ಸಿನಲ್ಲಿರುವುದು ಯಾವುದೆಂದು ಯಾವಾಗಲೂ ಗೊತ್ತಿರುತ್ತದೆ, ಅದನ್ನು ನಂಬಿದರೆ ಎಲ್ಲಕ್ಕೂ ‘ದಿ’ ಬಂದುಬಿಡುತ್ತದೆ. ಓದುವವರಿಗೆ ಗೊತ್ತಿಲ್ಲದಿದ್ದರೆ ಎರಡನೆಯ ಪ್ರಶ್ನೆ: ಇದು ಇಂಗ್ಲಿಷಿನಲ್ಲಿ ಎಣಿಸಬಹುದಾದ ವಸ್ತುವೇ, ಮತ್ತು ಒಂದೇ ಇದೆಯೇ? ಹೌದಾದರೆ ‘ಎ’ ಅಥವಾ ‘ಆ್ಯನ್’, ಅಲ್ಲವಾದರೆ ಏನೂ ಬೇಡ.

ಈಗ ಪತ್ರಕ್ಕೆ ಬರೋಣ. ಅಕೌಂಟ್ಸ್ ಸೆಕ್ಷನ್ ಯಾವುದು? ಆ ಕಚೇರಿಯಲ್ಲಿ ಇರುವುದು ಒಂದೇ, ಓದುವ ಅಧಿಕಾರಿಗೆ ಅದು ಗೊತ್ತು, ಆದ್ದರಿಂದ ‘ದಿ’. ಅಪ್ಲಿಕೇಶನ್ ಯಾವುದು? ಅದರ ಪ್ರಸ್ತಾಪ ಇಲ್ಲಿಯೇ ಮೊದಲು ಬಂದಿದೆ, ಎಣಿಸಬಹುದಾದದ್ದು, ಒಂದೇ. ಆದ್ದರಿಂದ ‘ಆ್ಯನ್ ಅಪ್ಲಿಕೇಶನ್’. ಮುಂದಿನ ವಾಕ್ಯದ ಹೊತ್ತಿಗೆ ಅದು ಅಜ್ಜಿಯ ‘ಆ ರಾಜ’ನಂತೆ ಗುರುತಾಗಿದೆ, ಹಾಗಾಗಿ ಅಲ್ಲಿ ಅವರು ಬರೆದ ‘ದಿ’ ಸರಿಯಾಗಿಯೇ ಇದೆ. ಮ್ಯಾನೇಜರ್ ಯಾರೆಂದು ಎಲ್ಲರಿಗೂ ಗೊತ್ತು, ‘ದಿ ಮ್ಯಾನೇಜರ್’.

ನಾಲ್ಕನೆಯದಾದ ‘ಎ ಗುಡ್ ಅಡ್ವೈಸ್’ ಬೇರೆ ಬಗೆಯದು. ಕನ್ನಡದಲ್ಲಿ ಒಂದು ಸಲಹೆ, ಎರಡು ಸಲಹೆ ಎಂದು ಎಣಿಸುತ್ತೇವೆ. ಒಂದು ಮಾಹಿತಿ, ಎರಡು ಪೀಠೋಪಕರಣ ಎಂದರೂ ಅಂಥ ತೊಡಕೇನಿಲ್ಲ. ಇಂಗ್ಲಿಷ್ ಈ ಪದಗಳನ್ನು ಹಾಲು, ಮರಳುಗಳ ಸಾಲಿನಲ್ಲಿ ಇಟ್ಟಿದೆ. ಅಡ್ವೈಸ್, ಇನ್‌ಫರ್ಮೇಶನ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಫೀಡ್‌ಬ್ಯಾಕ್ ಇವುಗಳಿಗೆ ‘ಎ’ಯೂ ಇಲ್ಲ, ಬಹುವಚನದ ‘ಎಸ್’ ಕೂಡ ಇಲ್ಲ. ಇದಕ್ಕೆ ತರ್ಕ ಹುಡುಕಿ ಫಲವಿಲ್ಲ, ಇದೊಂದನ್ನು ಮಾತ್ರ ಪಟ್ಟಿಯಾಗಿ ನೆನಪಿಡಬೇಕು. ‘ಸಮ್ ಗುಡ್ ಅಡ್ವೈಸ್’ ಎಂದರೆ ಸಾಕು.

‘ಎ’ ಮತ್ತು ‘ಆ್ಯನ್’ಗಳ ನಡುವಿನ ಆಯ್ಕೆಗೆ ಕನ್ನಡ ಲಿಪಿಯೇ ಒಳ್ಳೆಯ ಸಾಧನ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ಪದವನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿ ‘ಯ’ಕಾರದಿಂದ ಆರಂಭವಾಗುತ್ತದೆ, ಹಾಗಾಗಿ ‘ಎ ಯೂನಿವರ್ಸಿಟಿ’. ಎಂ.ಬಿ.ಎ. ‘ಎ’ಕಾರದಿಂದ, ಹಾಗಾಗಿ ‘ಆ್ಯನ್ ಎಂ.ಬಿ.ಎ.’. ತಾಸು ಎಂಬ ಅರ್ಥದ ಪದ ನಮ್ಮ ಲಿಪಿಯಲ್ಲಿ ‘ಅವರ್’, ಹಾಗಾಗಿ ‘ಆ್ಯನ್ ಅವರ್’. ಆದರೆ ಇದರಲ್ಲಿ ನಮ್ಮ ನಾಲಿಗೆಯದೇ ಒಂದು ಮೋಸವಿದೆ. ನಾವು ‘ಎಲೆ’ಯನ್ನು ‘ಯೆಲೆ’ ಎಂದೂ ‘ಒಲೆ’ಯನ್ನು ‘ವೊಲೆ’ ಎಂದೂ ನುಡಿಯುವವರು. ಅದೇ ರೂಢಿಯಲ್ಲಿ ‘ಯೆಂಜಿನಿಯರ್’, ‘ವೋನರ್’ ಎನ್ನುವುದರಿಂದ ‘ಎ ಎಂಜಿನಿಯರ್’, ‘ಎ ಓನರ್’ ಎಂದು ಬರೆದರೂ ಕಿವಿಗೆ ತಪ್ಪೆನಿಸುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಒಂದು ದಿನದ ರಜೆ ಕೇಳುವಾಗ ‘ಒನ್’ ಎಂದು ಬರೆಯುವ ಅಭ್ಯಾಸದಿಂದ ‘ಆ್ಯನ್ ಒನ್ ಡೇ ಲೀವ್’ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಅದರ ಉಚ್ಚಾರ ‘ವನ್’, ಆದ್ದರಿಂದ ‘ಎ’ಯೇ ಸರಿ.

ಆರ್ಟಿಕಲ್ ಬಿಡುವ ತಪ್ಪನ್ನು ತಿದ್ದಿಕೊಂಡವರು ಮುಂದೆ ಮಾಡುವುದು ಅದನ್ನು ಎಲ್ಲೆಡೆ ಸುರಿಯುವ ತಪ್ಪು. “ಮಾವಿನಹಣ್ಣು ಎಲ್ಲರಿಗೂ ಇಷ್ಟ” ಎಂಬಲ್ಲಿ ನಾವು ಏಕವಚನ ಬಳಸಿ ಇಡೀ ಜಾತಿಯನ್ನು ಹೇಳುತ್ತೇವೆ. ಇಂಗ್ಲಿಷಿಗೆ ಇಲ್ಲಿ ಬರಿಯ ಬಹುವಚನ ಬೇಕು: ‘ಎವ್ರಿವನ್ ಲೈಕ್ಸ್ ಮ್ಯಾಂಗೋಸ್’. ‘ದಿ ಮ್ಯಾಂಗೋಸ್’ ಎಂದರೆ ಓದುವವರು ಮೊದಲ ಪ್ರಶ್ನೆಯನ್ನು ತಾವೇ ಕೇಳಿಕೊಂಡು, ಯಾವ ಹಣ್ಣು, ಎಲ್ಲಿದೆ ಎಂದು ಹುಡುಕುತ್ತಾರೆ.

ಪ್ರಿಪೊಸಿಷನ್ನಿನ ಕಥೆ ಇದಕ್ಕಿಂತ ಭಿನ್ನ. ಆರ್ಟಿಕಲ್ಲಿನ ಜಾಗ ಕನ್ನಡದಲ್ಲಿ ಖಾಲಿ; ಪ್ರಿಪೊಸಿಷನ್ನಿನ ಜಾಗದಲ್ಲಿ ವಿಭಕ್ತಿ ಪ್ರತ್ಯಯಗಳು ತುಂಬಿಕೊಂಡಿವೆ, ಮತ್ತು ನಮ್ಮ ಒಂದು ಪ್ರತ್ಯಯ ಇಂಗ್ಲಿಷಿನಲ್ಲಿ ಮೂರು ನಾಲ್ಕಾಗಿ ಒಡೆಯುತ್ತದೆ. ಪತ್ರದ ಮೊದಲ ವಾಕ್ಯದಲ್ಲಿ ಆದದ್ದು ಇದೇ. “ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ”, “ಸೋಮವಾರದಿಂದ ಕೆಲಸ ಮಾಡುತ್ತಿದ್ದೇನೆ” ಎಂಬ ಎರಡರಲ್ಲಿಯೂ ನಮಗೆ ‘ಇಂದ’ ಒಂದೇ. ಇಂಗ್ಲಿಷ್ ಮಾತ್ರ ಮೊದಲನೆಯದರಲ್ಲಿ ಕಾಲದ ಉದ್ದವನ್ನೂ ಎರಡನೆಯದರಲ್ಲಿ ಆರಂಭದ ಬಿಂದುವನ್ನೂ ನೋಡುತ್ತದೆ. ‘ಎಷ್ಟು ಕಾಲ?’ ಎಂಬುದಕ್ಕೆ ಉತ್ತರವಾದರೆ ‘ಫಾರ್’, ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ‘ಸಿನ್ಸ್’. ಜೊತೆಗೆ ಕ್ರಿಯಾಪದವೂ ‘ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು, ಏಕೆಂದರೆ ಹಿಂದೆ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ರೂಪವಿದೆ.

ಸಪ್ತಮಿಯ ‘ಅಲ್ಲಿ’ ಇನ್ನೂ ಹೆಚ್ಚು ಕಾಡುತ್ತದೆ. ನಮ್ಮ ಊರಿನ ವಿಳಾಸವನ್ನೇ ನೋಡಿ: ಜಯನಗರದಲ್ಲಿ, ಹತ್ತನೇ ಮುಖ್ಯರಸ್ತೆಯಲ್ಲಿ, ಇಪ್ಪತ್ತನೇ ನಂಬರಿನಲ್ಲಿ. ಇಂಗ್ಲಿಷಿನಲ್ಲಿ ಬಡಾವಣೆಗೆ ‘ಇನ್’, ರಸ್ತೆಗೆ ‘ಆನ್’, ಮನೆಯ ನಂಬರಿಗೆ ‘ಅಟ್’. ಸುತ್ತುವರಿಯುವ ಜಾಗ, ಗೆರೆಯಂಥ ಜಾಗ, ಚುಕ್ಕೆಯಂಥ ಜಾಗ ಎಂದು ಕಲ್ಪಿಸಿಕೊಂಡರೆ ಆಯ್ಕೆ ಸುಲಭ. ಬ್ರಿಟಿಷ್ ಬಳಕೆಯಲ್ಲಿ ಬೀದಿಗೆ ‘ಇನ್’ ಕೂಡ ಉಂಟು, ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

“ಬಸ್ಸಿನಲ್ಲಿ ಬಂದೆ” ಎಂಬುದರಲ್ಲಿ ಎರಡು ತೊಡಕುಗಳೂ ಒಟ್ಟಿಗೆ ಸೇರುತ್ತವೆ. ನಾವು ‘ಐ ಕೇಮ್ ಇನ್ ಬಸ್’ ಎಂದು ಬರೆಯುತ್ತೇವೆ. ಪ್ರಯಾಣದ ಬಗೆಯನ್ನಷ್ಟೇ ಹೇಳುವುದಾದರೆ ‘ಬೈ ಬಸ್’. ಅಲ್ಲಿ ಯಾವ ಬಸ್ಸು ಎಂಬ ಪ್ರಶ್ನೆಯೇ ಏಳದಿರುವುದರಿಂದ ಆರ್ಟಿಕಲ್ಲೂ ಬೇಡ. ಒಂದು ನಿಜವಾದ ಬಸ್ಸು ಮನಸ್ಸಿನಲ್ಲಿದ್ದರೆ ಆರ್ಟಿಕಲ್ ಬರಲೇಬೇಕು, ಜೊತೆಗೆ ‘ಆನ್’ ಕೂಡ: ‘ಐ ಲೆಫ್ಟ್ ಮೈ ಬ್ಯಾಗ್ ಆನ್ ದಿ ಬಸ್’. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ಮೆಟ್ರೋಗಳಿಗೆ ‘ಆನ್’, ಕುಳಿತೇ ಇರಬೇಕಾದ ಕಾರು, ಆಟೋಗಳಿಗೆ ‘ಇನ್’.

ಪತ್ರದ ಕೊನೆಯ ತಪ್ಪು ‘ಡಿಸ್ಕಸ್ಡ್ ಅಬೌಟ್’. ನಾವು ಅರ್ಜಿಯ ಬಗ್ಗೆ ಚರ್ಚಿಸುತ್ತೇವೆ. ಆ ‘ಬಗ್ಗೆ’ಯೇ ಇಲ್ಲಿ ‘ಅಬೌಟ್’ ಆಗಿ ಇಣುಕಿದೆ. ಡಿಸ್ಕಸ್ ಎಂಬ ಕ್ರಿಯಾಪದ ವಿಷಯವನ್ನು ನೇರವಾಗಿ ಕರ್ಮವಾಗಿ ತೆಗೆದುಕೊಳ್ಳುತ್ತದೆ. ಇದೇ ಪದ ನಾಮಪದವಾದಾಗ ‘ಎ ಡಿಸ್ಕಶನ್ ಅಬೌಟ್’ ಎಂದು ಪ್ರಿಪೊಸಿಷನ್ ಮರಳಿ ಬರುವುದರಿಂದ ಗೊಂದಲ ಹೆಚ್ಚುತ್ತದೆ. ‘ರಿಕ್ವೆಸ್ಟ್’ ಪದಕ್ಕೂ ಇದೇ ಗತಿ: ‘ಐ ರಿಕ್ವೆಸ್ಟ್ ಲೀವ್’, ಆದರೆ ‘ಮೈ ರಿಕ್ವೆಸ್ಟ್ ಫಾರ್ ಲೀವ್’. “ನನ್ನ ಮೇಲೆ ಕೋಪ” ಎಂಬುದು ‘ಆ್ಯಂಗ್ರಿ ಆನ್ ಮಿ’ ಆಗುವುದೂ ಹೀಗೆಯೇ, ಬರೆಯಬೇಕಾದದ್ದು ‘ಆ್ಯಂಗ್ರಿ ವಿತ್ ಮಿ’. ಇವುಗಳಿಗೆ ಅರ್ಥದಿಂದ ದಾರಿ ಸಿಗುವುದಿಲ್ಲ. ಕ್ರಿಯಾಪದವನ್ನು ಅದರ ಪ್ರಿಪೊಸಿಷನ್ ಸಮೇತ ಒಂದೇ ಪದವೆಂಬಂತೆ ಕಲಿಯಬೇಕು, ಅನುಮಾನ ಬಂದಾಗ ನಿಘಂಟಿನಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯವನ್ನು ನೋಡಬೇಕು.

ತಿದ್ದಿದ ಪತ್ರ ಹೀಗಾಯಿತು: “ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿ ಅಕೌಂಟ್ಸ್ ಸೆಕ್ಷನ್ ಫಾರ್ ಫೋರ್ ಇಯರ್ಸ್. ಲಾಸ್ಟ್ ವೀಕ್ ಐ ಸಬ್ಮಿಟೆಡ್ ಆ್ಯನ್ ಅಪ್ಲಿಕೇಶನ್ ಫಾರ್ ಟ್ರಾನ್ಸ್‌ಫರ್. ದಿ ಮ್ಯಾನೇಜರ್ ಡಿಸ್ಕಸ್ಡ್ ದಿ ಅಪ್ಲಿಕೇಶನ್ ವಿತ್ ಮಿ ಆನ್ ಮಂಡೇ ಆ್ಯಂಡ್ ಗೇವ್ ಮಿ ಸಮ್ ಗುಡ್ ಅಡ್ವೈಸ್.”

ಇದನ್ನು ಓದಿದ ಆ ಹೆಣ್ಣುಮಗಳು, “ಸರ್, ಟ್ರಾನ್ಸ್‌ಫರ್ ಎಣಿಸಬಹುದಾದದ್ದಲ್ಲವೇ, ಅದಕ್ಕೇಕೆ ‘ಎ’ ಹಾಕಲಿಲ್ಲ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ವರ್ಗಾವಣೆ ಎಂಬ ಕ್ರಮವನ್ನು ಹೇಳುವುದಾದರೆ ಬರಿಯ ‘ಟ್ರಾನ್ಸ್‌ಫರ್’, ತಮಗೆ ಆಗಬೇಕಾದ ಒಂದು ವರ್ಗಾವಣೆಯನ್ನು ಹೇಳುವುದಾದರೆ ‘ಎ ಟ್ರಾನ್ಸ್‌ಫರ್’. ಎರಡೂ ಸರಿ, ಅದಕ್ಕಾಗಿಯೇ ಅಲ್ಲಿ ಪೆನ್ಸಿಲ್ ಆಡಿಸಿರಲಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ತಮ್ಮ ಕೈಯಾರೆ ಒಂದು ‘ಎ’ ಸೇರಿಸಿಕೊಂಡು ಪತ್ರ ತೆಗೆದುಕೊಂಡು ಹೋದರು.