ಕಾಲು ಜಾರುತ್ತಿದ್ದರೆ ಸೊಂಟದಿಂದ ಹುಡುಕಿ

ನಮಸ್ಕಾರ. ಇವತ್ತು ಅನಿಮೇಶನ್ ಕಂಪ್ರೆಶನ್, ಅಂದರೆ ಮೆಮೊರಿ ಉಳಿಸಲು ಪಾತ್ರದ ಚಲನೆಯ ಡೇಟಾವನ್ನು ಕುಗ್ಗಿಸೋದರ ಬಗ್ಗೆ ನನಗಿರುವ ಒಂದು ಗಟ್ಟಿ ಅಭಿಪ್ರಾಯ ಹೇಳುತ್ತೇನೆ. ಇಡೀ ಗೇಮ್‌ಗೆ ಒಂದೇ ಸೆಟ್ಟಿಂಗ್ ಹಾಕಿ ಬಿಡೋದು ತಪ್ಪು. ಕುಗ್ಗಿಸಿದ ಮೇಲೆ ಪಾತ್ರದ ಪಾದ ನೆಲದ ಮೇಲೆ ಜಾರಿತು ಅಂತ ಹೆದರಿ ಕಂಪ್ರೆಶನ್ನನ್ನೇ ಪೂರ್ತಿ ಆಫ್ ಮಾಡೋದೂ ಅಷ್ಟೇ ತಪ್ಪು.

ಯೂನಿಟಿ ಗೇಮ್ ಎಂಜಿನ್ನನ್ನೇ ತಗೊಳ್ಳಿ. ಪಾತ್ರದ ಬೋನ್‌ಗಳ ಜೋಡಣೆ, ಅಂದರೆ ರಿಗ್, ಜೆನೆರಿಕ್ ಬಗೆಯದು ಅಂದುಕೊಳ್ಳೋಣ. ಇಂಪೋರ್ಟ್ ಮಾಡುವಾಗ Animation ಟ್ಯಾಬ್‌ನಲ್ಲಿ Rotation Error ಅಂತ ಇರುತ್ತದೆ. ಮೊದಲೇ ಅಲ್ಲಿರುವ ಬೆಲೆ 0.5. ಅಂದರೆ ಕುಗ್ಗಿಸಿದ ಮೇಲೆ ತಿರುವು ಮೂಲದಿಂದ ಅರ್ಧ ಡಿಗ್ರಿಯವರೆಗೆ ತಪ್ಪಬಹುದು. ಕೇಳಿದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಈ ಅರ್ಧ ಡಿಗ್ರಿ ಪ್ರತಿ ಬೋನ್‌ಗೂ ಪ್ರತ್ಯೇಕವಾಗಿ ಸಿಗುವ ವಿನಾಯಿತಿ. ಒಂದು ಬೋನ್‌ನ ತಪ್ಪು ಅದರ ಕೆಳಗಿರುವ ಎಲ್ಲಾ ಬೋನ್‌ಗಳಿಗೂ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ತೊಡೆಯ ಬುಡದಿಂದ ಪಾದಕ್ಕೆ 90 ಸೆಂಟಿಮೀಟರ್. ಅಲ್ಲಿ ಅರ್ಧ ಡಿಗ್ರಿ ತಿರುಗಿದರೆ ಪಾದ ಸುಮಾರು 8 ಮಿಲಿಮೀಟರ್ ಸರಿಯುತ್ತದೆ. ಮೊಣಕಾಲಿನಿಂದ ಇನ್ನೊಂದು 4. ಸೊಂಟದ ಬೋನ್‌ನಿಂದ ಮತ್ತೆ 8. ಮೂರೂ ಒಂದೇ ದಿಕ್ಕಿಗೆ ಬಿದ್ದರೆ 2 ಸೆಂಟಿಮೀಟರ್! ಸಾಮಾನ್ಯವಾಗಿ ಅಷ್ಟು ಕೆಡುವುದಿಲ್ಲ, ಒಂದರ ತಪ್ಪನ್ನು ಇನ್ನೊಂದು ಸ್ವಲ್ಪ ಸರಿದೂಗಿಸುತ್ತದೆ. ಆದರೂ ಸುಮ್ನೆ ನಿಂತಿರುವ ಪಾತ್ರದ ಪಾದ ನೆಲದ ಮೇಲೆ ಕೆಲವೇ ಮಿಲಿಮೀಟರ್ ಹಿಂದೆ ಮುಂದೆ ತೇಲಿದರೆ ಕಣ್ಣಿಗೆ ತಕ್ಷಣ ಬೀಳುತ್ತದೆ.

ಅದಕ್ಕೇ ಪಾದದ ಬೋನ್ ಒಂದನ್ನೇ ಬಿಗಿ ಮಾಡಿ ಏನೂ ಪ್ರಯೋಜನವಿಲ್ಲ. ತಪ್ಪು ಮೇಲಿನಿಂದ ಬರುತ್ತಿದೆ. ಎಲ್ಲಾ ಕ್ಲಿಪ್‌ಗಳಿಗೂ ಇಷ್ಟು ಕಾಳಜಿ ಬೇಕಾಗಿಲ್ಲ ಅನ್ನೋದೂ ನಿಜ. ಓಡುವಾಗ, ಹಾರುವಾಗ, ಏಟು ತಿಂದು ಬೀಳುವಾಗ ಪಾದ ಎಲ್ಲೂ ಜಾಸ್ತಿ ಹೊತ್ತು ಊರಿರುವುದಿಲ್ಲ. ಅಲ್ಲಿ 0.5 ಆರಾಮಾಗಿ ನಡೆಯುತ್ತದೆ, ಮೆಮೊರಿಯನ್ನು ಅಲ್ಲೇ ಉಳಿಸಿ. ನಿಲ್ಲುವ, ನಿಂತಲ್ಲೇ ತಿರುಗುವ, ಗುರಿ ಇಡುವ ಕ್ಲಿಪ್‌ಗಳಿಗೆ 0.1 ಹಾಕಿ. ಮೊದಲಿನ ಲೆಕ್ಕದ 2 ಸೆಂಟಿಮೀಟರ್ ಆಗ 4 ಮಿಲಿಮೀಟರ್‌ಗೆ ಇಳಿಯುತ್ತದೆ, ಅದೂ ತೀರಾ ಕೆಟ್ಟ ಸಂದರ್ಭದಲ್ಲಿ.

ಇಲ್ಲೊಂದು ತೊಡಕಿದೆ. ಈ ಸೆಟ್ಟಿಂಗ್ ಕ್ಲಿಪ್‌ಗೆ ಸೇರಿದ್ದಲ್ಲ, ಇಡೀ ಫೈಲ್‌ಗೆ ಸೇರಿದ್ದು. ಓಟವೂ ನಿಲುವೂ ಒಂದೇ ಎಫ್‌ಬಿಎಕ್ಸ್ ಫೈಲ್‌ನಲ್ಲಿದ್ದರೆ ಬೇರೆ ಬೇರೆ ಬೆಲೆ ಕೊಡೋಕೆ ಆಗುವುದಿಲ್ಲ. ಹಾಗಾಗಿ ಪಾದ ಊರಿರುವ ಕ್ಲಿಪ್‌ಗಳನ್ನು ಬೇರೆ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಕೊಡಿ ಅಂತ ಅನಿಮೇಟರ್‌ಗೆ ಮೊದಲೇ ಹೇಳಿಬಿಡಿ.

ಈಗ ಬೆರಳು. ಬೆರಳಿನ ಬುಡದಿಂದ ತುದಿಗೆ 8 ಸೆಂಟಿಮೀಟರ್ ಇದ್ದರೆ, ಬುಡದ ಅರ್ಧ ಡಿಗ್ರಿಗೆ ತುದಿ ಸರಿಯೋದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ಹಾಗಾದರೆ ಬಂದೂಕು ಹಿಡಿದ ಕೈಯಲ್ಲಿ ಬೆರಳು ಯಾಕೆ ಜಾರುತ್ತದೆ? ಯಾವ ಕೈ ಅಂತ ಗಮನಿಸಿ. ಬಂದೂಕು ಬಲಗೈಗೆ ಅಂಟಿಕೊಂಡಿರುತ್ತದೆ. ಬಲ ತೋಳು ಎಷ್ಟೇ ತಪ್ಪಲಿ, ಬಂದೂಕೂ ಬಲಗೈ ಬೆರಳುಗಳೂ ಒಟ್ಟಿಗೇ ಸರಿಯುತ್ತವೆ. ಎಡಗೈ ಬರೋದು ಇನ್ನೊಂದು ತೋಳಿನ ದಾರಿಯಲ್ಲಿ. ಎರಡು ತೋಳುಗಳ ತಪ್ಪೂ ಕೂಡಿ ಎಡಗೈ ಬೆರಳಲ್ಲಿ ಕಾಣಿಸುತ್ತದೆ. ನನ್ನ ಪ್ರಕಾರ ಇಲ್ಲಿ ಕಂಪ್ರೆಶನ್ ಬಿಗಿ ಮಾಡೋದು ದುಂದು. ಕೈ ಇರಬೇಕಾದ ಜಾಗ ಕೊಟ್ಟರೆ ತೋಳಿನ ಕೋನಗಳನ್ನು ತಾನೇ ಲೆಕ್ಕ ಹಾಕುವ ಐಕೆ ಮೂಲಕ ಎಡಗೈಯನ್ನು ಬಂದೂಕಿನ ಹಿಡಿಗೆ ಕಟ್ಟಿ.

ಅನ್‌ರಿಯಲ್ ಎಂಜಿನ್‌ನಲ್ಲಿ ಎಸಿಎಲ್ ಅನ್ನುವ ಅನಿಮೇಶನ್ ಕಂಪ್ರೆಶನ್ ಲೈಬ್ರರಿ ಬಳಸಿದರೆ ಈ ತಲೆನೋವು ಕಡಿಮೆ. ಅದು ಕೋನವನ್ನಷ್ಟೇ ನೋಡುವುದಿಲ್ಲ. ಬೋನ್‌ನಿಂದ ಸ್ವಲ್ಪ ದೂರದಲ್ಲಿ ಒಂದು ಕಾಲ್ಪನಿಕ ಬಿಂದು ಇಟ್ಟು, ಆ ಬಿಂದು ಎಷ್ಟು ಸರಿಯಿತು ಅಂತ ಸೆಂಟಿಮೀಟರ್‌ನಲ್ಲಿ ಅಳೆಯುತ್ತದೆ. ನಮಗೆ ಬೇಕಾದ ಪ್ರಶ್ನೆಯೂ ಅದೇ. ಅಲ್ಲಿರುವ ಬೆಲೆಗಳನ್ನು ಕಾರಣವಿಲ್ಲದೆ ಮುಟ್ಟಬೇಡಿ. ಕೈಯಲ್ಲಿ ಉದ್ದ ಕತ್ತಿ ಇದ್ದು ಅದರ ತುದಿ ನಡುಗಿದರೆ ಮಾತ್ರ ಆ ಬಿಂದುವಿನ ದೂರ ನೋಡಿ.

ಯೂನಿಟಿಯಲ್ಲಿ ನಾವೇ ಅಳೆಯಬೇಕು. ಎಫ್‌ಬಿಎಕ್ಸ್‌ನ ನಕಲು ಮಾಡಿ, ಒಂದಕ್ಕೆ ಕಂಪ್ರೆಶನ್ Off ಇಡಿ. ಎರಡು ಪಾತ್ರಗಳನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಒಂದೇ ಕ್ಷಣದಿಂದ ಒಂದೇ ಕ್ಲಿಪ್ ಪ್ಲೇ ಮಾಡಿ, ಪ್ರತಿ ಫ್ರೇಮ್‌ನ LateUpdate ಒಳಗೆ ಇದನ್ನು ಹಾಕಿ:

```csharp
worst = Mathf.Max(worst,
    Vector3.Distance(rawToe.position, packedToe.position));
```

rawToe ಅಂದರೆ Off ಇರುವ ಪಾತ್ರದ ಕಾಲ್ಬೆರಳಿನ ಬೋನ್, packedToe ಇನ್ನೊಂದು ಪಾತ್ರದ್ದು, worst ಇಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಅಂತರ. ಒಂದು ಯೂನಿಟ್ ಅಂದರೆ ಒಂದು ಮೀಟರ್ ಆಗಿದ್ದರೆ, 0.003 ಬಂದರೆ 3 ಮಿಲಿಮೀಟರ್. ಕ್ಯಾಮೆರಾ ಎಷ್ಟು ಹತ್ತಿರ ಹೋಗುತ್ತದೆ ಅಂತ ನೋಡಿ ನಿಮ್ಮ ಮಿತಿ ನೀವೇ ಇಟ್ಟುಕೊಳ್ಳಿ. ಮೇಲಿನಿಂದ ನೋಡುವ ಗೇಮ್‌ಗೆ 1 ಸೆಂಟಿಮೀಟರ್ ಕೂಡ ಕಾಣದೇ ಹೋಗಬಹುದು.

ಕಂಪ್ರೆಶನ್ Off ಇರುವ ಪಾತ್ರದ ಪಾದವೂ ಜಾರುತ್ತಿದೆಯಾ? ಹಾಗಾದರೆ ಈ ಸೆಟ್ಟಿಂಗ್ ಬಿಟ್ಟುಬಿಡಿ. ಒಂದು ಪಾತ್ರದ ಚಲನೆಯನ್ನು ಇನ್ನೊಂದಕ್ಕೆ ಹೊಂದಿಸುವ ರಿಟಾರ್ಗೆಟಿಂಗ್ ನೋಡಿ, ಕ್ಲಿಪ್‌ಗಳನ್ನು ಒಂದರೊಳಗೊಂದು ಬೆರೆಸುವ ಬ್ಲೆಂಡಿಂಗ್ ನೋಡಿ, ನಡಿಗೆಯ ವೇಗಕ್ಕೂ ಕ್ಲಿಪ್‌ನ ವೇಗಕ್ಕೂ ತಾಳೆ ಇದೆಯಾ ನೋಡಿ. ಅಲ್ಲಿ 0.5 ಅನ್ನು 0.01 ಮಾಡಿದರೆ ಪಾದ ಅಷ್ಟೇ ಜಾರುತ್ತದೆ, ಮೆಮೊರಿ ಮಾತ್ರ ಜಾಸ್ತಿ ಖರ್ಚಾಗುತ್ತದೆ.