ಮೊದಲು ಕಂಬ ಅಳೆಯಿರಿ, ಆಮೇಲೆ ಅಂಕಿ ತಿದ್ದಿ

ಕೇಳುಗರಿಗೆ ನಮಸ್ಕಾರ.

ವರದಿ ಅಚ್ಚಿಗೆ ಹೋಗುವ ಹೊತ್ತು. ಅದರೊಳಗಿನ ಬಾರ್ ಚಾರ್ಟ್‌ನಲ್ಲಿ ಒಂದು ಅಂಕಿ ತಪ್ಪಾಗಿದೆ ಎಂದು ಯಾರೋ ಗುರುತಿಸುತ್ತಾರೆ. ಚಾರ್ಟ್ ಮಾಡಿದವರು ಕೆಲಸ ಬಿಟ್ಟು ಹೋಗಿದ್ದಾರೆ, ಅವರ ಎಕ್ಸೆಲ್ ಫೈಲ್ ಎಲ್ಲಿದೆಯೋ ಯಾರಿಗೂ ತಿಳಿಯದು. ಕೈಯಲ್ಲಿ ಉಳಿದಿರುವುದು ಬರೀ ಒಂದು ಚಿತ್ರ. ಆಗ ಬಹುತೇಕರು ಮಾಡುವುದೇನು? ತಪ್ಪು ಅಂಕಿಯ ಮೇಲೆ ಬಿಳಿ ಬಣ್ಣ ಬಳಿದು, ಅಲ್ಲೇ ಹೊಸ ಅಂಕಿ ಟೈಪ್ ಮಾಡಿ ಕಳುಹಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಕಂಬವನ್ನು ಅಳೆಯಿರಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದೊಂದೇ: ಮೊದಲು ಅಳೆಯಿರಿ, ಆಮೇಲೆ ತಿದ್ದಿ.

ಬಾರ್ ಚಾರ್ಟ್ ಒಂದೇ ಸಂಗತಿಯನ್ನು ಎರಡು ಸಲ ಹೇಳುತ್ತದೆ. ಕಂಬದ ಎತ್ತರ ಒಂದು ಸಲ, ಅದರ ತಲೆಯ ಮೇಲಿನ ಅಂಕಿ ಇನ್ನೊಂದು ಸಲ. ಎಕ್ಸೆಲ್ ಫೈಲ್ ಕಳೆದುಹೋಗಿರಬಹುದು, ಆದರೆ ಅದರಲ್ಲಿದ್ದ ಸಂಖ್ಯೆಗಳು ಕಂಬಗಳ ಎತ್ತರದಲ್ಲಿ ಇನ್ನೂ ಉಳಿದಿರುತ್ತವೆ. ಅವನ್ನು ಹೊರಗೆ ತೆಗೆಯುವುದು ಮಾಧ್ಯಮಿಕ ಶಾಲೆಯ ತ್ರೈರಾಶಿ ಲೆಕ್ಕ, ಅಷ್ಟೇ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಒಂದು ಗ್ರಂಥಾಲಯದ ವರದಿ ನನ್ನ ಬಳಿಗೆ ಬಂದಿತ್ತು. ಐದು ತಿಂಗಳಲ್ಲಿ ಸೇರಿದ ಹೊಸ ಸದಸ್ಯರ ಸಂಖ್ಯೆ, ಐದು ಕಂಬಗಳು. ಮೇಲೆ ಬರೆದಿದ್ದ ಅಂಕಿಗಳು ಕ್ರಮವಾಗಿ 92, 118, 146, 137 ಮತ್ತು 105. ‘ಮೂರನೆಯ ಕಂಬ ಯಾಕೋ ಎತ್ತರವಾಗಿ ಕಾಣುತ್ತದೆ, ಅದನ್ನು ಸ್ವಲ್ಪ ಕತ್ತರಿಸಿಕೊಡಿ’ ಎಂದು ವರದಿ ತಂದವರು ಕೇಳಿದರು. ಕತ್ತರಿಸುವುದು ಸುಲಭ. ಆದರೆ ತಪ್ಪು ಕಂಬದ್ದೋ, ಅಂಕಿಯದ್ದೋ ಎಂದು ತಿಳಿಯದೆ ಕತ್ತರಿ ಹಾಕುವುದು ಹೇಗೆ?

ಚಿತ್ರವನ್ನು ಜಿಂಪ್‌ನಲ್ಲಿ ತೆರೆದೆವು. ಇದು ಉಚಿತವಾಗಿ ಸಿಗುವ ಚಿತ್ರ ತಿದ್ದುವ ತಂತ್ರಾಂಶ. ಮೌಸ್ ಎಲ್ಲಿ ನಿಂತಿದೆಯೋ ಆ ಜಾಗದ ಪಿಕ್ಸೆಲ್ ಸಂಖ್ಯೆ ಅದರಲ್ಲಿ ಕಿಟಕಿಯ ಕೆಳಗಡೆ ಕಾಣಿಸುತ್ತದೆ. ಮೊದಲು ಎಡಗಡೆಯ ಅಕ್ಷದಲ್ಲಿ ಸೊನ್ನೆಯ ಗೆರೆಯ ಮೇಲೆ ಮೌಸ್ ಇಟ್ಟೆವು, 520ನೆಯ ಸಾಲು. ಆಮೇಲೆ 200ರ ಗೆರೆ, 120ನೆಯ ಸಾಲು. ಇಲ್ಲಿ ಒಂದು ಎಚ್ಚರಿಕೆ: ಚಿತ್ರದಲ್ಲಿ ಸಾಲುಗಳ ಎಣಿಕೆ ಮೇಲಿನಿಂದ ಕೆಳಕ್ಕೆ ಬರುತ್ತದೆ, ಆದ್ದರಿಂದ ಎತ್ತರದ ಕಂಬದ ತುದಿಗೆ ಚಿಕ್ಕ ಸಂಖ್ಯೆ. ಹಲವರು ಗೊಂದಲಗೊಳ್ಳುವುದು ಇಲ್ಲಿಯೇ. 520ರಲ್ಲಿ 120 ಕಳೆದರೆ 400. ನಾನೂರು ಪಿಕ್ಸೆಲ್‌ಗೆ 200 ಸದಸ್ಯರು, ಅಂದರೆ ಎರಡು ಪಿಕ್ಸೆಲ್‌ಗೆ ಒಬ್ಬ ಸದಸ್ಯ.

ಈಗ ಕಂಬಗಳ ತುದಿ ನೋಡಿದೆವು. ಮೊದಲನೆಯದು 336ನೆಯ ಸಾಲಿನಲ್ಲಿ ಮುಗಿಯುತ್ತದೆ. 520ರಿಂದ ಕಳೆದರೆ 184, ಅದರ ಅರ್ಧ 92. ಮೇಲೆ ಬರೆದಿರುವುದೂ 92. ಎರಡನೆಯದು, ನಾಲ್ಕನೆಯದು, ಐದನೆಯದು ಕೂಡ ಅಂಕಿಗೆ ಸರಿಯಾಗಿ ಹೊಂದಿದವು. ಮೂರನೆಯದರ ತುದಿ 192ನೆಯ ಸಾಲಿನಲ್ಲಿತ್ತು. ಎತ್ತರ 328 ಪಿಕ್ಸೆಲ್, ಅರ್ಧ ಮಾಡಿದರೆ 164. ಮೇಲೆ ಬರೆದದ್ದು 146!

ನೋಡಿ, ಕಂಬವನ್ನು ಎಳೆದದ್ದು ಕಂಪ್ಯೂಟರ್. ಅಂಕಿಯನ್ನು ಯಾರೋ ಕೈಯಿಂದ ಟೈಪ್ ಮಾಡಿದ್ದರು, 6 ಮತ್ತು 4 ಅದಲುಬದಲಾಗಿದ್ದವು. ಅದನ್ನೂ ಊಹೆಗೆ ಬಿಡಲಿಲ್ಲ. ಅದೇ ವರದಿಯ ಬರಹದಲ್ಲಿ ಒಟ್ಟು ಸದಸ್ಯರು 616 ಎಂದು ಅಚ್ಚಾಗಿತ್ತು. 164 ಇಟ್ಟು ಕೂಡಿದರೆ 616 ಬರುತ್ತದೆ. 146 ಇಟ್ಟರೆ 598. ವಿಷಯ ಇತ್ಯರ್ಥವಾಯಿತು. ಕೇಳಿದಂತೆ ಕಂಬ ಕತ್ತರಿಸಿದ್ದರೆ ಚಾರ್ಟ್‌ನಲ್ಲಿ ಸರಿಯಾಗಿದ್ದ ಭಾಗವೂ ಕೆಡುತ್ತಿತ್ತು, ಆ ಚಿತ್ರದಿಂದ ತಪ್ಪನ್ನು ಕಂಡುಹಿಡಿಯಲು ಮುಂದೆ ಯಾರಿಗೂ ದಾರಿ ಇರುತ್ತಿರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಅಳೆಯಿರಿ.

ಅಕ್ಷದ ಅಂಕಿಗಳೇ ತಪ್ಪಿದ್ದರೆ ಎಂದು ನೀವು ಕೇಳಬಹುದು. ಅದೂ ಅಳತೆಯಿಂದಲೇ ಗೊತ್ತಾಗುತ್ತದೆ. ಒಂದೇ ಕಂಬ ಹೊಂದದಿದ್ದರೆ ತಪ್ಪು ಆ ಕಂಬದ್ದು ಅಥವಾ ಅದರ ಅಂಕಿಯದು. ಎಲ್ಲ ಕಂಬಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಅಕ್ಷವನ್ನು ಅನುಮಾನಿಸಿ. ಪ್ರತಿಯೊಂದು ಕಂಬದ ಅಳತೆಯೂ ಬರೆದ ಅಂಕಿಗಿಂತ ಸರಿಯಾಗಿ 50 ಕಡಿಮೆ ಬಂದರೆ, ಬುಡದ ಗೆರೆ ನಿಜವಾಗಿ ಸೊನ್ನೆಯಲ್ಲ, 50. ಅಕ್ಷದ ಎಲ್ಲ ಅಂಕಿಗಳನ್ನೂ 50ರಷ್ಟು ಕಡಿಮೆ ಬರೆದದ್ದೇ ತಪ್ಪು. ಬರೆದ ಅಂಕಿ ಪ್ರತಿ ಸಲವೂ ಅಳತೆಯ ಸಾವಿರ ಪಟ್ಟು ಬಂದರೆ, ಅಕ್ಷದ ಪಕ್ಕದಲ್ಲಿ ‘ಸಾವಿರಗಳಲ್ಲಿ’ ಎಂಬ ಪದ ಬಿಟ್ಟುಹೋಗಿದೆ. ಆಗ ಆ ಪದ ಸೇರಿಸಿದರೆ ಸಾಕು, ಕಂಬಗಳನ್ನು ಮುಟ್ಟಬೇಕಾಗಿಲ್ಲ.

ಅಳತೆಗೂ ಮಿತಿಯಿದೆ. ನಮ್ಮ ಚಿತ್ರದಲ್ಲಿ ಒಬ್ಬ ಸದಸ್ಯನಿಗೆ ಎರಡು ಪಿಕ್ಸೆಲ್ ಇದ್ದವು, ಹಾಗಾಗಿ ನಿಖರ ಉತ್ತರ ಸಿಕ್ಕಿತು. ಅದೇ 400 ಪಿಕ್ಸೆಲ್‌ನಲ್ಲಿ 2,000 ತೋರಿಸಿದ್ದರೆ ಒಂದು ಪಿಕ್ಸೆಲ್‌ಗೆ ಐದು. ಅಂಥ ಚಿತ್ರದಿಂದ 1,643 ಎಂಬ ಅಂಕಿ ಹೊರಡಿಸಲು ಸಾಧ್ಯವಿಲ್ಲ, ‘ಸುಮಾರು 1,640’ ಎಂದೇ ಬರೆಯಬೇಕು. ಜೆಪೆಗ್ ಚಿತ್ರಗಳಲ್ಲಿ ಕಂಬದ ಅಂಚು ಒಂದೆರಡು ಪಿಕ್ಸೆಲ್ ಮಸುಕಾಗಿರುತ್ತದೆ, ಮಸುಕಿನ ನಡುಭಾಗವನ್ನು ತುದಿಯೆಂದು ತೆಗೆದುಕೊಳ್ಳಿ. ಇನ್ನು ಮೂರು ಆಯಾಮದ, ಓರೆಯಾಗಿ ನಿಲ್ಲಿಸಿದ ಕಂಬಗಳಿದ್ದರೆ ಈ ಲೆಕ್ಕವನ್ನು ನಂಬಬೇಡಿ. ಅಂಥ ಚಾರ್ಟ್ ಯಾಕೆ ಮಾಡುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಸಮಯ ಕಡಿಮೆ ಉಳಿದಿದೆ, ತಿದ್ದುವ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಂಕಿಯೊಂದೇ ತಪ್ಪಿದ್ದು ಕಂಬ ಸರಿಯಿದ್ದರೆ ಚಿತ್ರದ ಮೇಲೆಯೇ ತಿದ್ದಬಹುದು. ಹಿನ್ನೆಲೆ ಬಿಳಿಯೆಂದು ಕಂಡರೂ ಅಚ್ಚ ಬಿಳಿ ಆಗಿರಬೇಕೆಂದಿಲ್ಲ. ಬಣ್ಣ ಹೆಕ್ಕುವ ಉಪಕರಣದಿಂದ ಪಕ್ಕದ ಜಾಗದ ಬಣ್ಣವನ್ನೇ ತೆಗೆದು ಹಳೆಯ ಅಂಕಿಯನ್ನು ಮುಚ್ಚಿ. ಹಿಂದೆ ಅಡ್ಡಗೆರೆ ಹಾದುಹೋಗಿದ್ದರೆ ಅದನ್ನು ಮತ್ತೆ ಎಳೆಯಿರಿ. ಕಂಬವೇ ಬದಲಾಗಬೇಕಿದ್ದರೆ, ಅಥವಾ ಅಕ್ಷದ ಅಂಕಿಗಳು ಬದಲಾಗಬೇಕಿದ್ದರೆ, ಚಿತ್ರವನ್ನು ತೇಪೆ ಹಾಕುತ್ತ ಕೂರಬೇಡಿ. ಅಳೆದು ಪಡೆದ ಸಂಖ್ಯೆಗಳನ್ನು ಹೊಸ ಹಾಳೆಯಲ್ಲಿ ತುಂಬಿ, ಬೇಕಾದ ತಿದ್ದುಪಡಿ ಮಾಡಿ, ಚಾರ್ಟ್ ಅನ್ನು ಹೊಸದಾಗಿ ಎಳೆಯಿರಿ. ಆಮೇಲೆ ಹೊಸ ಚಾರ್ಟ್ ಅನ್ನು ಅರ್ಧ ಪಾರದರ್ಶಕ ಮಾಡಿ, ಅಕ್ಷದ ಗೆರೆಗಳು ಹೊಂದುವಂತೆ ಹಳೆಯದರ ಮೇಲಿಟ್ಟು ನೋಡಿ. ತಿದ್ದದ ಕಂಬಗಳ ತುದಿಗಳು ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಅಳತೆಯಲ್ಲಿ ಎಲ್ಲೋ ಎಡವಟ್ಟಾಗಿದೆ.

ಇನ್ನೊಂದು ಮಾತು. ಚಾರ್ಟ್ ವರ್ಡ್ ಫೈಲ್‌ನಲ್ಲಿ ಇದ್ದರೆ, ಅಳೆಯುವುದಕ್ಕೂ ಮೊದಲು ಅದರ ಮೇಲೆ ಬಲಗುಂಡಿ ಒತ್ತಿ. Edit Data ಎಂಬ ಸಾಲು ಕಂಡರೆ ಅದು ಬರೀ ಚಿತ್ರವಲ್ಲ, ಕಳೆದುಹೋಯಿತೆಂದುಕೊಂಡ ಸಂಖ್ಯೆಗಳು ಅದರೊಳಗೇ ಇರಬಹುದು.

ತಿದ್ದಿದ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿ, ಜೆಪೆಗ್ ಬೇಡ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೂಲ ಚಿತ್ರದಿಂದ ಅಳೆದು ತಿದ್ದಲಾಗಿದೆ’ ಎಂದು ಬರೆಯಿರಿ. ಅಳೆದ ಸಾಲುಗಳ ಸಂಖ್ಯೆಗಳನ್ನೂ ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ನಾಳೆ ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ. ನಮಸ್ಕಾರ.